ಕೆಟ್ಟರೆ ಯಾರ ತಲೆಗೆ

ಬಾಡಿಗೆ ಯಂತ್ರದ ಒಪ್ಪಂದ ಓದುವುದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ, ಸಿಟ್ಟು ಬೇಕು. ಇದನ್ನು ಬರೆದವನು ನನ್ನ ಕಣ್ಣಿಗೆ ಮಣ್ಣೆರಚಲೆಂದೇ ಕೂತಿದ್ದ ಎಂದುಕೊಂಡು ಮೊದಲ ಪುಟ ತೆಗೆಯಬೇಕು. ನನ್ನಲ್ಲಿ ಸಿಟ್ಟಿಗೆ ಬರವಿಲ್ಲ ಎಂದು ನನ್ನ ಗಂಡ ಇಂದುಶೇಖರ ಹೇಳುತ್ತಾರೆ. ಬಹುಶಃ ಅದಕ್ಕೇ ಈ ಕೆಲಸ ನನಗೆ ಒಗ್ಗಿತು.

ಮೊದಲು ನಾನು ದೆಹಲಿಯ ಪಟಿಯಾಲಾ ಹೌಸ್ ಕೋರ್ಟಿನ ವಕೀಲರೊಬ್ಬರ ಬಳಿ ಟೈಪಿಸ್ಟ್ ಆಗಿದ್ದೆ. ಅವರು ತೀರಿಕೊಂಡು ಚೇಂಬರ್ ಮುಚ್ಚಿದಾಗ ದೆಹಲಿಯ ಅಂಚಿನ ಇಂದಿರಾಪುರಂನಲ್ಲಿ ನನಗೆ ಕುರ್ಚಿ ಕೊಡಿಸಿದವರು ವಿಠಲ. ನಮ್ಮ ಕುಂದಾಪುರದ ಕಡೆಯವರು, ನನಗಿಂತ ಹತ್ತು ವರ್ಷ ಚಿಕ್ಕವರು, ಮೂರು ಟವರುಗಳ ವಸತಿ ಕಟ್ಟಡದ ಸೈಟ್ ಮ್ಯಾನೇಜರ್. ಗುತ್ತಿಗೆ ಕಂಪನಿಯ ಹೆಡ್ ಆಫೀಸು ದೆಹಲಿಯಲ್ಲಿ, ಸೈಟು ಇಲ್ಲಿ. "ಜಲಜಕ್ಕ, ನಂಗೆ ಹನ್ನೆರಡು ಪುಟ ಓದ್ಲಿಕ್ಕೆ ಪುರುಸೊತ್ತಿಲ್ಲ. ಮೂರೇ ಮಾತು ಬೇಕು. ಗಂಟೆಗೆ ಎಷ್ಟು, ಕನಿಷ್ಠ ಎಷ್ಟು, ಕೆಟ್ರೆ ಯಾರ ತಲೆಗೆ. ಅಷ್ಟು ತೆಗೆದು ಕೊಡಿ" ಎಂದಿದ್ದರು ಮೊದಲ ದಿನವೇ.

ಮೂರು ಮಾತು ಅಂತೆ! ಗಂಟೆಯ ದರವೊಂದು ಸುಲಭವಾಗಿ ಸಿಗುತ್ತದೆ, ಕೊನೆಯ ಪುಟದ ಕೋಷ್ಟಕದಲ್ಲಿ ದಪ್ಪಕ್ಷರದಲ್ಲಿ ನಗುತ್ತಾ ಕೂತಿರುತ್ತದೆ. ಕನಿಷ್ಠ ಬಾಡಿಗೆ ಹಾಗಲ್ಲ. ಅದು ಹಣ ಪಾವತಿಯ ಕಲಮಿನಲ್ಲಿ ಒಂದು ಸಾಲಾಗಿಯೋ, 'ಪಾಳಿ ಎಂದರೇನು' ಎಂಬ ವಿವರಣೆಯೊಳಗೋ ಅಡಗಿರುತ್ತದೆ. ಮಣ್ಣು ಅಗೆಯುವ ಯಂತ್ರಕ್ಕೆ ಗಂಟೆಗೆ ಆರುನೂರೈವತ್ತು, ತಿಂಗಳಿಗೆ ಕನಿಷ್ಠ ಇನ್ನೂರು ಗಂಟೆ ಎಂದಿದ್ದರೆ, ನೀವು ನೂರನಲವತ್ತು ಗಂಟೆ ದುಡಿಸಿದರೂ ಇನ್ನೂರರ ದುಡ್ಡು ಕೊಡಬೇಕು. ಆಗ ಆ ಆರುನೂರೈವತ್ತು ನಿಜಕ್ಕೂ ಒಂಬೈನೂರು ದಾಟಿರುತ್ತದೆ. ಗಂಟೆ ಎಣಿಸುವುದು ಯಂತ್ರ ಸೈಟಿಗೆ ಮುಟ್ಟಿದ ಮೇಲೋ, ಮಾಲೀಕನ ಅಂಗಳ ಬಿಟ್ಟಾಗಿನಿಂದಲೋ ಎಂದು ಬೇರೆ ನೋಡಬೇಕು. ಇನ್ನು ಹಾನಿಯ ಹೊಣೆಯಂತೂ ಯಾವತ್ತೂ ಒಂದೇ ಕಡೆ ಇರುವುದಿಲ್ಲ. ಆಪರೇಟರನ ಕಲಮಿನಲ್ಲಿ ಒಂದು ತುಂಡು, ಜಾಗದ ಸ್ಥಿತಿಯ ಕಲಮಿನಲ್ಲಿ ಇನ್ನೊಂದು ತುಂಡು, ವಿಮೆಯ ಕಲಮಿನಲ್ಲಿ ಮತ್ತೊಂದು. 'ಮೇಲಿನ ಕಲಮು ಏನೇ ಹೇಳಿದ್ದರೂ' ಎಂದು ಶುರುವಾಗುವ ಸಾಲು ಕಂಡರೆ ಪೆನ್ಸಿಲು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮೇಲೆ ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಅಲ್ಲಿಯೇ.

ಹೀಗೆ ಹೆಕ್ಕಿ ಹೆಕ್ಕಿ ಒಂದೇ ಹಾಳೆಯಲ್ಲಿ ಬರೆದು ಕೊಡುತ್ತಿದ್ದೆ. ವಿಠಲ ಅದನ್ನು ಸೈಟ್ ಆಫೀಸಿನ ತಗಡಿನ ಗೋಡೆಗೆ ಅಂಟಿಸುತ್ತಿದ್ದರು. ಆದರೆ ಒಂದು ಪೇಚಿತ್ತು. ಫರೀದಾಬಾದಿನಿಂದ, ಗಾಜಿಯಾಬಾದಿನಿಂದ ಯಂತ್ರದ ಮಾಲೀಕರು ಬಂದು ಅದೇ ಗೋಡೆಯ ಕೆಳಗೆ ಕೂತು ಚಹಾ ಕುಡಿಯುತ್ತಿದ್ದರು. ಒಬ್ಬನ ದರ ಇನ್ನೊಬ್ಬನಿಗೆ ಕಂಡರೆ ಮುಗಿಯಿತು, ಮರುದಿನವೇ ಎಲ್ಲರ ದರವೂ ಏರಿರುತ್ತದೆ. ವಿಠಲ ಒಂದು ದಿನ ತೊಡೆ ತಟ್ಟಿಕೊಂಡು ನಕ್ಕರು. "ಕನ್ನಡದಲ್ಲಿ ಬರೀರಿ ಜಲಜಕ್ಕ! ಅಂಕಿ ಕೂಡ ಕನ್ನಡದ್ದೇ. ಯಾರಪ್ಪನಿಗೂ ಗೊತ್ತಾಗೂದಿಲ್ಲ."

ನನಗೂ ಕುಶಿಯಾಯಿತು, ಸುಳ್ಳು ಯಾಕೆ ಹೇಳಲಿ. ದಿನವಿಡೀ ಹಿಂದಿ ಕೇಳಿ ಕೇಳಿ ಬೇಸತ್ತ ಕಿವಿಗೆ, ಕಣ್ಣಿಗೆ ಅದೊಂದು ಆಟ. ಗುಂಡುಗುಂಡಗೆ ಬರೆದೆ. ಕೊನೆಯ ಕಾಲಮಿಗೆ 'ಕೆಟ್ಟರೆ ಯಾರ ತಲೆಗೆ' ಎಂದೇ ಹೆಸರಿಟ್ಟೆ. ಕ್ರೇನ್ ಮಾಲೀಕ ಭಾಟಿಯಾ ಬಂದಾಗಲೆಲ್ಲ ಗೋಡೆಗೆ ಮೂಗು ತಾಗಿಸಿ, "ಮೇಡಂಜೀ, ಯೇ ಜಲೇಬಿಯಾಂ ಕ್ಯಾ ಹೈಂ?" ಈ ಜಿಲೇಬಿಗಳೇನು ಎನ್ನುತ್ತಿದ್ದ. "ದೇವರ ಸ್ತೋತ್ರ ಭಾಯಿಸಾಬ್" ಎಂದು ಹಿಂದಿಯಲ್ಲಿ ಹೇಳಿ ನಾನು ಚಹಾ ಬಗ್ಗಿಸುತ್ತಿದ್ದೆ. ಪಾಪ, ಅವನು ಕೈ ಮುಗಿದದ್ದೂ ಉಂಟು.

ಹಾಳೆ ಓದಲು ಬರುತ್ತಿದ್ದದ್ದು ಇಡೀ ಸೈಟಿನಲ್ಲಿ ಇಬ್ಬರಿಗೆ, ನನಗೆ ಮತ್ತು ವಿಠಲರಿಗೆ. ಯಂತ್ರಗಳನ್ನು ದಿನವೂ ಅಲ್ಲಿಂದಿಲ್ಲಿಗೆ ಕಳಿಸುತ್ತಿದ್ದ ಫೋರ್‌ಮನ್ ಚೌಹಾಣನಿಗೆ ಬರುತ್ತಿರಲಿಲ್ಲ. ಅದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ನೋಡಿ.

ಎರಡು ಸಾವಿರದ ಎಂಟನೇ ಇಸವಿಯ ಜನವರಿಯಲ್ಲಿ ಭಾಟಿಯಾನ ಹೈಡ್ರಾ ಕ್ರೇನು ಬಂತು. ಇದು ಭಾರವನ್ನು ಮುಂದಕ್ಕೆ ಎತ್ತಿ ಹಿಡಿದುಕೊಂಡೇ ಚಕ್ರದ ಮೇಲೆ ಓಡಾಡುವ ಸಣ್ಣ ಕ್ರೇನು. ಅದರ ಒಪ್ಪಂದವನ್ನು ನಾನು ಎರಡು ಸಲ ಓದಿದೆ. ಗಂಟೆಗೆ ಆರುನೂರು. ದಿನಕ್ಕೆ ಕನಿಷ್ಠ ಎಂಟು ಗಂಟೆ. ಯಂತ್ರ ತಾನೇ ಕೆಟ್ಟು ನಿಂತರೆ ಆ ಹೊತ್ತು ಕಳೆಯಬಹುದು, ಆದರೆ ಮಳೆ, ಮಂಜು, ಸೈಟಿನ ಕೆಲಸ ತಯಾರಿಲ್ಲದ್ದು ಇವಕ್ಕೆ ಕಳೆಯುವಂತಿಲ್ಲ. ಆಪರೇಟರನ ಅಜಾಗರೂಕತೆಯಿಂದ ಹಾನಿಯಾದರೆ ಮಾಲೀಕನ ತಲೆಗೆ. ನೆಲ ಕುಸಿದರೆ, ತೂಕ ಹೆಚ್ಚಾದರೆ ಬಾಡಿಗೆಗೆ ಪಡೆದವರ ತಲೆಗೆ, ದುರಸ್ತಿ ಮುಗಿಯುವವರೆಗೆ ಅರ್ಧ ಬಾಡಿಗೆ ಬೇರೆ. ಹತ್ತು ಪುಟ ದಾಟಿದ ಮೇಲೆ ಆ 'ಏನೇ ಹೇಳಿದ್ದರೂ' ಸಾಲು ಸಿಕ್ಕಿತು. ಹೊಸದಾಗಿ ತುಂಬಿದ ಗುಂಡಿ, ಹೂತ ಪೈಪು ಎಲ್ಲೆಲ್ಲಿವೆ ಎಂದು ಆಪರೇಟರನಿಗೆ ಮೊದಲೇ ಬರೆದು ತಿಳಿಸಬೇಕು. ತಿಳಿಸದಿದ್ದರೆ ಆಪರೇಟರನ ತಪ್ಪೆಂದು ಹೇಳುವ ಹಕ್ಕಿಲ್ಲ.

ಅಷ್ಟನ್ನೂ ಹಾಳೆಗೆ ಇಳಿಸಿದೆ. 'ಕನಿಷ್ಠ ಎಂಟು ಗಂಟೆ, ಮಂಜಿಗೂ ಕಳೆಯುವುದಿಲ್ಲ' ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದೆ, ಏಕೆಂದರೆ ವಿಠಲರಿಗೆ ಹೆಡ್ ಆಫೀಸಿನಿಂದ ಬೈಗುಳ ಬೀಳುತ್ತಿದ್ದದ್ದು ಖಾಲಿ ನಿಂತ ಯಂತ್ರಗಳಿಗೆ. ಗುಂಡಿಯ ಮಾತನ್ನು ಕೊನೆಯ ಕಾಲಮಿನಲ್ಲಿ ನೀಲಿಯಲ್ಲಿ ಬರೆದು, ಬಾಯಿಬಿಟ್ಟೂ ಹೇಳಿದೆ.

"ಸೀವರ್ ಲೈನಿನ ಗುಂಡಿ ಹೋದ ವಾರ ತಾನೇ ತುಂಬಿಸಿದ್ರಿ ವಿಠಲ ಅವರೇ. ಅದನ್ನ ಬರೆದು ಕೊಡ್ಬೇಕು, ನೋಡಿ."

"ಗೊತ್ತುಂಟು ಅಕ್ಕ, ಕೊಡುವ" ಎಂದರು, ಫೋನ್ ಕಿವಿಗೆ ಹಿಡಿದುಕೊಂಡೇ.

ಸೋಮವಾರ ಬೆಳಿಗ್ಗೆ ಮಂಜು ಹೇಗಿತ್ತೆಂದರೆ ಆಫೀಸಿನ ಬಾಗಿಲಲ್ಲಿ ನಿಂತರೆ ಎದುರಿನ ಸಿಮೆಂಟ್ ಗೋದಾಮೇ ಕಾಣುತ್ತಿರಲಿಲ್ಲ. ಕ್ರೇನು ಬಂದು ನಿಂತಿತ್ತು, ಕೆಲಸವಿಲ್ಲ. ಆಪರೇಟರ್ ಆಸ್ ಮಹಮ್ಮದ್ ಹರಿಯಾಣದ ಮೇವಾತ್ ಕಡೆಯವನು, ಮೂವತ್ತರ ಆಸುಪಾಸು, ಈ ಸೈಟಿಗೆ ಅಂದೇ ಮೊದಲ ದಿನ. ಕಂಬಳಿ ಹೊದ್ದು ನಮ್ಮ ಹೀಟರಿನ ಮುಂದೆ ಕೂತು, ಗೋಡೆಯ ಹಾಳೆ ನೋಡಿ "ಇದು ಯಾವ ಭಾಷೆ ಮೇಡಂ?" ಎಂದು ಕೇಳಿದ. ಹೇಳಿದೆ. "ಅಚ್ಛಾ" ಎಂದು ಚಹಾ ಕುಡಿದು ಎದ್ದ.

ಮಂಜು ಕರಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ವಿಠಲರ ಎದೆಯಲ್ಲಿ ಆ ಕೆಂಪು ಶಾಯಿ ಉರಿಯುತ್ತಿತ್ತು ಎಂದು ಕಾಣುತ್ತದೆ. ಬಾಗಿಲಲ್ಲಿ ನಿಂತು ಚೌಹಾಣನಿಗೆ ಕೂಗಿ ಹೇಳಿದರು, ಎಂಟು ಗಂಟೆಯ ದುಡ್ಡು ಹೇಗೂ ಹೋಗುತ್ತದೆ, ಅದನ್ನು ಕೂರಿಸಬೇಡ, ಆ ಕಬ್ಬಿಣದ ಸರಳಿನ ಕಟ್ಟುಗಳನ್ನೆಲ್ಲ ಕತ್ತಲಾಗುವ ಮುಂಚೆ ಮೂರನೇ ಟವರಿಗೆ ಸಾಗಿಸು. ಆ ಕೆಲಸ ಅಂದಿನ ಪಟ್ಟಿಯಲ್ಲೇ ಇರಲಿಲ್ಲ. ಬಿಟ್ಟಿ ಸಿಕ್ಕ ಗಂಟೆಗಳೆಂದು ಅವರು ಲೆಕ್ಕ ಹಾಕಿದರು. ಕೊಟ್ಟ ದುಡ್ಡು ಕೊಟ್ಟಾಗಿದೆ, ದುಡಿಸಿದರೆ ಲಾಭ, ಅಷ್ಟೆ. ಸುತ್ತು ಬಳಸಿನ ಗಟ್ಟಿ ದಾರಿಯಲ್ಲಿ ಹೋದರೆ ಹೊತ್ತಾಗುತ್ತದೆಂದು ಚೌಹಾಣ್ ನೇರ ದಾರಿ ತೋರಿಸಿದ. ಆ ದಾರಿ ಸೀವರ್ ಗುಂಡಿಯನ್ನು ಅಡ್ಡ ಹಾಯುತ್ತಿತ್ತು. ಮೇಲೆ ಮಣ್ಣು ಸಮತಟ್ಟಾಗಿತ್ತು, ಒಂದು ಹಗ್ಗವಾಗಲಿ ಹಲಗೆಯಾಗಲಿ ಇರಲಿಲ್ಲ.

ಸದ್ದು ಕೇಳಿ ಓಡಿದೆ. ಮುಂದಿನ ಚಕ್ರ ಮೆತ್ತನೆ ಮಣ್ಣಿಗೆ ಇಳಿದು, ತೂಗುತ್ತಿದ್ದ ಸರಳಿನ ಕಟ್ಟಿನ ಜೊತೆಗೆ ಕ್ರೇನು ಪಕ್ಕಕ್ಕೆ ಮಲಗಿತ್ತು. ಉದ್ದನೆಯ ತೋಳು ಬಗ್ಗಿತ್ತು. ಆಸ್ ಮಹಮ್ಮದನನ್ನು ನಾಲ್ಕು ಜನ ಹೊರಗೆಳೆದರು. ಜೀವಕ್ಕೇನೂ ಆಗಿರಲಿಲ್ಲ, ಬಲಗೈ ಮಾತ್ರ ಬಾಗಿಲಿನ ಚೌಕಟ್ಟಿನಲ್ಲಿ ಸಿಕ್ಕಿ ನಜ್ಜುಗುಜ್ಜಾಗಿತ್ತು. ಅವನು ಅಳುತ್ತಿರಲಿಲ್ಲ, ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದ: "ಜಮೀನ್ ಚಲೀ ಗಯೀ. ಜಮೀನ್ ಚಲೀ ಗಯೀ." ನೆಲವೇ ಹೊರಟುಹೋಯಿತು ಎಂದು. ವಿಠಲರ ಮುಖ ನೋಡಿದೆ, ಬಿಳುಚಿಕೊಂಡಿತ್ತು. ಬರೆದು ಕೊಟ್ಟಿರಾ ಎಂದು ನಾನು ಕೇಳಲಿಲ್ಲ. ಕೇಳುವುದೇನಿತ್ತು?

ಮರುದಿನ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು. ರಾತ್ರಿಯಿಡೀ ನಿದ್ದೆ ಮಾಡಿದಂತೆ ಕಾಣಲಿಲ್ಲ.

"ಜಲಜಕ್ಕ, ಒಂದು ಕಾಗದ ಟೈಪ್ ಮಾಡ್ಬೇಕಿತ್ತು. ಗುಂಡಿ ಎಲ್ಲುಂಟು ಅಂತ ಆಪರೇಟರನಿಗೆ ತಿಳಿಸಿದ ನೋಟಿಸು."

"ಈಗಾ? ಬಿದ್ದ ಮೇಲಾ?"

"ತಾರೀಕು ಶನಿವಾರದ್ದು ಹಾಕಿ."

ನಾನು ಕನ್ನಡಕ ತೆಗೆದೆ. "ಶನಿವಾರ ಅವನು ಈ ಸೈಟಿನ ಮುಖವೇ ನೋಡಿರ್ಲಿಲ್ಲ."

"ಅವನ ಸಹಿ ಸಿಕ್ಕಿದ್ರೆ ಆಯ್ತು. ಹೆಡ್ ಆಫೀಸಿನ ಖನ್ನಾ ಸಾಹೇಬ್ರು ನಾಳೆ ಬರ್ತಾರೆ. ಆಸ್ಪತ್ರೆ ಖರ್ಚು ಕೊಟ್ಟು ಸಹಿ ಮಾಡಿಸ್ಕೊಳ್ತಾರೆ. ನೋಟಿಸು ಇದ್ರೆ ಆಪರೇಟರನ ಅಜಾಗರೂಕತೆ ಆಗ್ತದೆ, ಹಾನಿ ಭಾಟಿಯಾನ ತಲೆಗೆ ಹೋಗ್ತದೆ. ಇಲ್ದಿದ್ರೆ ನಮ್ಮ ತಲೆಗೆ. ಅಂದ್ರೆ ನನ್ನ ತಲೆಗೆ."

"ಭಾಟಿಯಾನ ತಲೆಗೆ ಹೋದದ್ದು ಅಲ್ಲೇ ನಿಲ್ತದಾ? ಆ ಹುಡುಗನ ಕುತ್ತಿಗೆಗೆ ಇಳೀತದೆ. ಬೇಕಂತ ಗುಂಡಿಗೆ ಇಳಿಸಿದ ಅಂತ ಹೆಸರು ಬಂದ್ರೆ ಫರೀದಾಬಾದಿನಲ್ಲಿ ಯಾವನಾದ್ರೂ ಇನ್ನವನ ಕೈಗೆ ಬೀಗದಕೈ ಕೊಡ್ತಾನಾ?"

"ಸುಜಾತಾಳಿಗೆ ಈಗ ಏಳು ತಿಂಗಳು ಅಕ್ಕ." ಧ್ವನಿ ಒಡೆಯಿತು. "ದ್ವಾರಕಾದ ಫ್ಲ್ಯಾಟಿನ ಸಾಲ ಉಂಟು. ನನ್ನನ್ನ ತೆಗೆದು ಹಾಕಿದ್ರೆ ಎಲ್ಲಿಗೆ ಹೋಗ್ಲಿ, ಹೇಳಿ. ಆ ಕುರ್ಚೀಲಿ ನಿಮ್ಮನ್ನ ಕೂರಿಸಿದ್ದು ನಾನಲ್ವಾ?"

ಹೌದು, ಅವರೇ. ಅವರ ಹೆಂಡತಿ ಸುಜಾತಾಳ ಸೀಮಂತಕ್ಕೆ ಹೂವು ಕಟ್ಟಿದವಳು ನಾನು. ಆದರೂ ಟೈಪ್‌ರೈಟರಿನ ಮುಂದೆ ಅಷ್ಟು ವರ್ಷ ಕೂತ ಬೆರಳುಗಳಿಗೆ ಸುಳ್ಳು ತಾರೀಕೆಂದರೆ ಎಲ್ಲಿ ಹೋಗಿ ಮುಟ್ಟುತ್ತದೆಂದು ಗೊತ್ತು. "ನಾನು ಮಾಡೂದಿಲ್ಲ" ಎಂದೆ. ಅವರು ನನ್ನ ಕಂಪ್ಯೂಟರಿನ ಮುಂದೆ ತಾವೇ ಕೂತು ಎರಡು ಬೆರಳಲ್ಲಿ ಕುಟ್ಟಿದರು. ನಾನು ಹೊರಗೆ ಚಳಿಯಲ್ಲಿ ನಿಂತುಕೊಂಡೆ. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಮರುಕ ಬಂದಿತ್ತು, ಮರುಕ ಬಂತಲ್ಲಾ ಎಂದು ಮತ್ತೆ ಸಿಟ್ಟು ಬಂತು.

ಬುಧವಾರ ಮಧ್ಯಾಹ್ನ ಹೆಡ್ ಆಫೀಸಿನ ಖನ್ನಾ ಬಂದ. ಅತ್ತರಿನ ವಾಸನೆ, ನಯವಾದ ಮಾತು. ಸಂಜೆ ನಾಲ್ಕಕ್ಕೆ ಭಾಟಿಯಾ ವಿಮೆಯ ಸರ್ವೇಯರನನ್ನು ಕರೆತರುವವನಿದ್ದ, ಅಷ್ಟರೊಳಗೆ ಕಾಗದ ತಯಾರಾಗಬೇಕಿತ್ತು. ಆಸ್ ಮಹಮ್ಮದನನ್ನು ಆಟೋದಲ್ಲಿ ಕರೆಸಿದ್ದರು. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು, ಮುಖದಲ್ಲಿ ಎರಡು ದಿನದ ಗಡ್ಡ.

ಖನ್ನಾ ಒಂದು ಲಕೋಟೆಯನ್ನೂ ನೋಟಿಸನ್ನೂ ಅಕ್ಕಪಕ್ಕ ಇಟ್ಟ. "ಬೇಟಾ, ಇದು ನಿನ್ನ ಚಿಕಿತ್ಸೆಗೆ. ಇದಕ್ಕೆ ಒಂದು ಹೆಬ್ಬೆಟ್ಟು ಒತ್ತಿಬಿಡು, ಸಾಕು." ಆಮೇಲೆ ನನ್ನತ್ತ ತಿರುಗಿದ. "ಜಲಜಾಜೀ, ನಿಮಗೆ ಕೋರ್ಟಿನ ಕ್ರಮ ಗೊತ್ತಲ್ಲ. ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವಾಗ, ಓದಿ ತಿಳಿಸಲಾಗಿದೆ ಎಂದು ಯಾರಾದರೂ ಕೆಳಗೆ ಬರೆದು ಸಹಿ ಹಾಕಬೇಕು. ಅದು ನೀವೇ ಆಗಿ."

ಓದಿ ತಿಳಿಸುವುದಂತೆ. ಸರಿ, ತಿಳಿಸಿಯೇ ಬಿಡುತ್ತೇನೆ ಎಂದುಕೊಂಡೆ. ಕಾಗದ ಎತ್ತಿಕೊಂಡು ಆಸ್ ಮಹಮ್ಮದನಿಗೆ ಹಿಂದಿಯಲ್ಲಿ ಒಂದೊಂದೇ ಸಾಲು ಬಿಡಿಸಿ ಹೇಳಿದೆ. ಸೀವರ್ ಗುಂಡಿ ಎಲ್ಲಿದೆ ಎಂದು ಶನಿವಾರವೇ ನಿನಗೆ ಬರೆದು ಕೊಟ್ಟಿದ್ದರಂತೆ. ಅದರ ಮೇಲೆ ಕ್ರೇನು ಓಡಿಸಬಾರದೆಂದು ಹೇಳಿದ್ದರಂತೆ. ನೀನು ಒಪ್ಪಿದ್ದೆಯಂತೆ. ಇದಕ್ಕೆ ಹೆಬ್ಬೆಟ್ಟು ಒತ್ತಿದರೆ ತಪ್ಪು ನಿನ್ನದಾಗುತ್ತದೆ, ಕ್ರೇನಿನ ಹಾನಿ ನಿನ್ನ ಮಾಲೀಕನ ಮೇಲೆ ಬರುತ್ತದೆ, ಅವನು ನಿನ್ನನ್ನು ಬಿಡುವುದಿಲ್ಲ.

ಖನ್ನಾ ಕೆಮ್ಮಿದ. ವಿಠಲ ಕಿಟಕಿಯ ಹೊರಗೆ ನೋಡುತ್ತಿದ್ದರು.

ಆಸ್ ಮಹಮ್ಮದ್ ಅರ್ಥವಾಗದವನಂತೆ ಮೂವರನ್ನೂ ನೋಡಿದ. "ಶನಿವಾರ ನಾನು ಫರೀದಾಬಾದಿನಲ್ಲಿದ್ದೆ ಮೇಡಂ. ಗುಂಡಿ ಇದೆ ಅಂತ ನನಗೆ ಯಾರೂ ಹೇಳಲೇ ಇಲ್ಲ. ಈ ಕಾಗದ ನಾನು ನೋಡುತ್ತಿರುವುದು ಈಗ."

"ಹಾಗಾದರೆ ಒತ್ತಬೇಡ. ಕೆಲಸದಲ್ಲಿ ಗಾಯವಾದರೆ ಪರಿಹಾರಕ್ಕೆ ಬೇರೆಯೇ ಕಾನೂನಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ."

"ಆ ಕಾನೂನು ಯಾವಾಗ ಬರುತ್ತೆ?" ಅವನ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿ ಕೇಳುತ್ತಿದ್ದ. "ಡಾಕ್ಟರ್ ಇವತ್ತೇ ದುಡ್ಡು ಕಟ್ಟು ಅಂದಿದ್ದಾನೆ. ತಡವಾದರೆ ಇಡೀ ಹಸ್ತವೇ ಹೋಗುತ್ತೆ ಅಂದಿದ್ದಾನೆ."

ನಾಲ್ಕು ತಿಂಗಳು, ಆರು ತಿಂಗಳು, ಒಂದು ವರ್ಷ ಎಂದು ಹೇಳಲೇ?

"ನೀವು ಒಳ್ಳೆಯದಕ್ಕೇ ಹೇಳ್ತಿರಬಹುದು" ಎಂದ ಅವನು. "ಆದರೆ ನೀವೂ ಇವರ ಕಡೆಯವರೇ ಅಲ್ವಾ? ಗೋಡೆ ಮೇಲೆ ನಿಮ್ಮಿಬ್ಬರಿಗೇ ಓದೋಕೆ ಬರೋ ಹಾಗೆ ಬರ್ಕೊಂಡಿದ್ದೀರಿ." ಹೀಗೆಂದವನೇ ಎಡಗೈಯ ಹೆಬ್ಬೆರಳನ್ನು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿದ. ಲಕೋಟೆ ತೆಗೆದು ಕಂಬಳಿಯೊಳಗೆ ಸೇರಿಸಿದ.

ನನ್ನ ಕೆನ್ನೆಗೆ ಹೊಡೆದಂತಾಯಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಹೊಳೆಯಿತು. ನಾನು ನಿಜವಾಗಿ ಓದಿದ್ದೆ, ಅವನಿಗೆ ನಿಜವಾಗಿ ಅರ್ಥವಾಗಿತ್ತು. ಈಗ 'ಓದಿ ತಿಳಿಸಲಾಗಿದೆ' ಎಂದು ಬರೆದರೆ ಅದರಲ್ಲಿ ಒಂದಕ್ಷರವೂ ಸುಳ್ಳಾಗುವುದಿಲ್ಲ. ನನ್ನ ಪ್ರಾಮಾಣಿಕತೆಯಿಂದಲೇ ಆ ಸುಳ್ಳು ಕಾಗದ ಕೋರ್ಟಿನಲ್ಲೂ ನಿಲ್ಲುವಷ್ಟು ಗಟ್ಟಿಯಾಗಿತ್ತು. ಖನ್ನಾ ಪೆನ್ನು ಮುಂದೆ ನೀಡಿ ನಗುತ್ತಿದ್ದ, ಅವನಿಗೂ ಅದು ಗೊತ್ತಿತ್ತು.

"ನೀನು ಹೊರಡು, ಆಟೋ ಕಾಯ್ತಿದೆ" ಎಂದೆ ಆಸ್ ಮಹಮ್ಮದನಿಗೆ. "ನೇರ ಆಸ್ಪತ್ರೆಗೆ ಹೋಗು, ಎಲ್ಲೂ ನಿಲ್ಲಬೇಡ."

ಅವನು ಹೋದ. ನಾನು ಕುರ್ಚಿ ಎಳೆದುಕೊಂಡೆ. ಪೆನ್ನು ಬರೆಯುತ್ತಿಲ್ಲ ಎಂದೆ, ಬೇರೆ ಪೆನ್ನು ಹುಡುಕಿದೆ, ಕನ್ನಡಕ ಒರೆಸಿದೆ. "ಚಲೋ ಚಲೋ, ಜಲಜಾಜೀ" ಎಂದ ಖನ್ನಾ. ಆಟೋದ ಸದ್ದು ಗೇಟು ದಾಟಿದ ಮೇಲೆ ಹೆಬ್ಬೆಟ್ಟಿನ ಕೆಳಗೆ ಇಂಗ್ಲಿಷಿನಲ್ಲಿ, ಸ್ಫುಟವಾಗಿ, ಆ ದಿನದ ತಾರೀಕು ಹಾಕಿ ಬರೆದೆ. ಮೇಲಿನದನ್ನು ಇಂದು ಆಪರೇಟರನಿಗೆ ಹಿಂದಿಯಲ್ಲಿ ಓದಿ ತಿಳಿಸಿದ್ದೇನೆ. ಗುಂಡಿಯ ವಿಷಯವನ್ನು ತನಗೆ ಯಾರೂ ಹೇಳಿರಲಿಲ್ಲ, ಶನಿವಾರ ತಾನು ಈ ಸೈಟಿನಲ್ಲೇ ಇರಲಿಲ್ಲ, ಈ ಕಾಗದವನ್ನು ತನಗೆ ತೋರಿಸಿದ್ದು ಇಂದೇ ಮೊದಲು ಎಂದು ಹೇಳಿ ಹೆಬ್ಬೆಟ್ಟು ಒತ್ತಿದ್ದಾನೆ. ಕೆಳಗೆ ನನ್ನ ಪೂರ್ತಿ ಹೆಸರು, ಸಹಿ.

ಖನ್ನಾ ಓದಿದ. ನಯವೆಲ್ಲ ಇಳಿದು ಹೋಯಿತು. ಅವನ ಬಾಯಲ್ಲಿ ಬಂದದ್ದನ್ನು ನಾನಿಲ್ಲಿ ಬರೆಯುವುದಿಲ್ಲ. ಕಾಗದವನ್ನು ಹರಿದು, ಹರಿದದ್ದನ್ನೂ ಮತ್ತೆ ಹರಿದ. ಆಸ್ ಮಹಮ್ಮದನಿಗೆ ಫೋನ್ ಮಾಡಿಸಿದ, ಸ್ವಿಚ್ ಆಫ್ ಆಗಿತ್ತು. ಇನ್ನೊಂದು ನೋಟಿಸು ಟೈಪ್ ಮಾಡಬಹುದು, ಇನ್ನೊಂದು ಹೆಬ್ಬೆರಳನ್ನು ಎಲ್ಲಿಂದ ತರುವುದು?

"ಇವಳು ನೀನು ತಂದು ಕೂರಿಸಿದ ಹೆಂಗಸು ವಿಠಲ" ಎಂದ ಖನ್ನಾ. "ನಾಲ್ಕು ಗಂಟೆಗೆ ನೀನೇ ಉತ್ತರ ಕೊಡು." ವಿಠಲ ನನ್ನ ಕಡೆ ನೋಡಲಿಲ್ಲ. ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು.

ಭಾಟಿಯಾ ಹೇಳಿದ ಹೊತ್ತಿಗೇ ಬಂದ. ಸರ್ವೇಯರ್ ಬೋಳುತಲೆಯ ಮುದುಕ, ಹೊರಗೆ ಬಿದ್ದಿದ್ದ ಕ್ರೇನಿನ ಸುತ್ತ ನಡೆದು, ಗುಂಡಿಯ ಮಣ್ಣನ್ನು ಬೂಟಿನಲ್ಲಿ ಒತ್ತಿ ನೋಡಿ, ಒಳಗೆ ಬಂದು ಕೂತ. "ಇದು ತುಂಬಿದ ಗುಂಡಿ. ಆಪರೇಟರನಿಗೆ ತಿಳಿಸಿದ್ದಿರಾ?"

"ಬಾಯಲ್ಲಿ ಹೇಳಿದ್ದೆವು" ಎಂದರು ವಿಠಲ.

"ಯಾರು ಹೇಳಿದ್ದು?"

"ಫೋರ್‌ಮನ್."

ಚೌಹಾಣನನ್ನು ಕರೆಸಿದರು. ಅವನು ಟೊಪ್ಪಿ ತೆಗೆದು ನಿಂತ. "ಸಾಬ್, ಹೇಳಬೇಕು ಅಂತ ನನಗೇ ಯಾರೂ ಹೇಳಿಲ್ಲ. ಒಪ್ಪಂದದಲ್ಲಿ ಏನಿದೆಯೋ ನನಗೆ ಹೇಗೆ ಗೊತ್ತು? ಗೋಡೆ ಮೇಲೆ ಬರೆದಿಟ್ಟಿದ್ದಾರೆ, ಅದು ನಮ್ಮಂಥವರಿಗೆ ಓದೋಕೆ ಬರಲ್ಲ."

ಭಾಟಿಯಾ ಎದ್ದು ಹಾಳೆಯ ಮುಂದೆ ನಿಂತ. "ಬರೋಬ್ಬರಿ ಒಂದು ವರ್ಷದಿಂದ ಕೇಳ್ತಿದ್ದೇನೆ ಇದೇನು ಅಂತ. ಸ್ತೋತ್ರ ಅಂದಿದ್ದರು. ಇವತ್ತಾದರೂ ಹೇಳಿ ಮೇಡಂಜೀ, ನನ್ನ ಕ್ರೇನಿನ ಬಗ್ಗೆ ಇದರಲ್ಲಿ ಏನು ಬರೆದಿದೆ?"

ಎಲ್ಲರೂ ನನ್ನನ್ನು ನೋಡಿದರು. ಓದಿದರೆ ವಿಠಲರನ್ನು ನಾನೇ ಕೈಯಾರೆ ತಳ್ಳಿದಂತೆ. ಸುಳ್ಳು ಹೇಳಿದರೆ ಕೇಳುವವರಿಲ್ಲ, ಆ ಕೋಣೆಯಲ್ಲಿ ಕನ್ನಡ ಬಲ್ಲ ಇನ್ನೊಬ್ಬರು ವಿಠಲರೇ. ಎದ್ದು ನಿಂತೆ.

"ನೀವು ಕೂತ್ಕೊಳ್ಳಿ ಅಕ್ಕ" ಎಂದರು ವಿಠಲ, ಕನ್ನಡದಲ್ಲಿ. ತಾವೇ ಎದ್ದು ಗೋಡೆಯ ಹತ್ತಿರ ಹೋದರು. ಆ ಸಾಲಿನ ಮೇಲೆ ಬೆರಳಿಟ್ಟು, ಶಾಲೆಯಲ್ಲಿ ಪಾಠ ಒಪ್ಪಿಸುವವರಂತೆ ಹಿಂದಿಯಲ್ಲಿ ಓದತೊಡಗಿದರು. ಗಂಟೆಗೆ ಆರುನೂರು. ದಿನಕ್ಕೆ ಕನಿಷ್ಠ ಎಂಟು, ಮಂಜಿಗೂ ಕಳೆಯುವುದಿಲ್ಲ. ನೆಲ ಕುಸಿದರೆ ನಮ್ಮ ತಲೆಗೆ. ಕೊನೆಯ ಕಾಲಮಿಗೆ ಬಂದಾಗ ಧ್ವನಿ ಸಣ್ಣದಾಯಿತು. "ಹೊಸದಾಗಿ ತುಂಬಿದ ಗುಂಡಿ ಎಲ್ಲಿದೆಯೆಂದು ಆಪರೇಟರನಿಗೆ ಮೊದಲೇ ಬರೆದು ಕೊಡಬೇಕು. ಕೊಡದಿದ್ದರೆ ಅವನ ತಪ್ಪಲ್ಲ." ಬೆರಳು ತೆಗೆಯಲಿಲ್ಲ. "ಇದು ನನಗೆ ಗೊತ್ತಿತ್ತು. ಎಂಟು ಗಂಟೆ ಹಾಳಾಗುತ್ತೆ ಅಂತ ಕ್ರೇನು ಕಳಿಸಿದ್ದು ನಾನು. ಅವನಿಗೆ ಏನೂ ಗೊತ್ತಿರಲಿಲ್ಲ."

ಖನ್ನಾ ಎದ್ದು ಹೊರಗೆ ಹೋದ. ಸರ್ವೇಯರ್ ತಲೆ ತಗ್ಗಿಸಿ ಬರೆದುಕೊಂಡ. ನನಗೆ ಅಳು ಬಂತು, ಅಷ್ಟು ಗಂಡಸರ ಮುಂದೆ ಸೆರಗಿನಿಂದ ಮುಖ ಒರೆಸಿಕೊಂಡೆ, ನಾಚಿಕೆಯೇನೂ ಆಗಲಿಲ್ಲ.

ಕ್ರೇನಿನ ಹಾನಿ ಕಂಪನಿಯ ತಲೆಗೆ ಬಂತು. ಆಸ್ ಮಹಮ್ಮದನ ಹೆಸರಿಗೆ ಮಸಿ ಬೀಳಲಿಲ್ಲ, ಆದರೆ ಹಸ್ತ ಉಳಿಸಲು ಡಾಕ್ಟರು ಎರಡು ಬೆರಳು ತೆಗೆದರು. ಉಳಿದ ಮೂರರಲ್ಲಿ ಕ್ರೇನಿನ ಹಿಡಿಕೆ ಎಳೆಯಲು ಆಗುತ್ತದೋ ಇಲ್ಲವೋ ಯಾರೂ ಹೇಳಲಿಲ್ಲ. ನಾನು ಆಸ್ಪತ್ರೆಗೆ ಹೋಗಿ ಪರಿಹಾರದ ಅರ್ಜಿ ಬರೆದು ಕೊಟ್ಟೆ. ಈ ಸಲ ಹಿಂದಿಯಲ್ಲೇ ಬರೆದು, ಅವನ ಹೆಂಡತಿಯಿಂದಲೇ ಓದಿಸಿದೆ.

ವಾರ ಕಳೆಯುವುದರೊಳಗೆ ಕೆಲಸದಿಂದ ತೆಗೆದ ಪತ್ರ ವಿಠಲರಿಗೆ ಬಂತು, ನಂತರ ನನಗೂ. ಅವರು ಕೊನೆಯ ದಿನ ತಮ್ಮ ಸಾಮಾನು ತೆಗೆದುಕೊಳ್ಳಲು ಬಂದಾಗ ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಟಿಫಿನ್ ಡಬ್ಬಿ, ಹೆಲ್ಮೆಟ್, ಗಣಪತಿಯ ಸಣ್ಣ ಪಟ ಚೀಲಕ್ಕೆ ತುಂಬಿಕೊಂಡರು. ನಾನು ಕೇಳಬಾರದ್ದು ಕೇಳಿದೆ.

"ಸುಜಾತಾ ಹೇಗಿದ್ದಾಳೆ?"

"ನಿಮ್ಮ ಹೆಸರು ಎತ್ತಬೇಡಿ ಅಂದಿದ್ದಾಳೆ."

ತಲೆ ಆಡಿಸಿದೆ. ಅವರು ಬಾಗಿಲವರೆಗೆ ಹೋಗಿ ನಿಂತರು.

"ಜಲಜಕ್ಕ, ಆ ಕೊನೇ ಸಾಲು ನೀವು ಬರೀದೇ ಇದ್ದಿದ್ರೆ, ಬರೀ ದರ ಬರೆದು ಬಿಟ್ಟಿದ್ರೆ, ನಂಗೆ ಗೊತ್ತಿರ್ಲಿಲ್ಲ ಅಂತ ಆದ್ರೂ ಹೇಳ್ಬಹುದಿತ್ತು."

"ನಿಮಗೆ ಗೊತ್ತಾಗ್ಲಿ ಅಂತಲೇ ಬರೆದದ್ದು ವಿಠಲ ಅವರೇ."

"ಹೌದು" ಎಂದರು. ಚೀಲದ ದಾರ ತಿರುಚಿದರು. "ಅದಕ್ಕೇ ನಿದ್ದೆ ಬರೂದಿಲ್ಲ. ಓದಿದ್ದೆ ನಾನು. ಓದಿಯೂ ಕಳಿಸಿದೆ."